ಅಧಿಕಾರಿ ಇಲ್ಲದ ಆ ಎರಡು ಗಂಟೆ

2023ರ ಆಗಸ್ಟ್ ತಿಂಗಳಲ್ಲಿ ಮಹಾರಾಷ್ಟ್ರದ ಠಾಣೆಯ ಕಾಲೇಜೊಂದರ ವಿಡಿಯೊ ದೇಶದ ತುಂಬಾ ಓಡಾಡಿತ್ತು. ಸುರಿಯುವ ಮಳೆ, ನೀರು ನಿಂತ ಅಂಗಳ. ಎನ್‌ಸಿಸಿ ಕೆಡೆಟ್‌ಗಳು ತಲೆಯನ್ನು ನೆಲಕ್ಕೆ ಒತ್ತಿ, ಸೊಂಟ ಮೇಲೆತ್ತಿ ಸಾಲಾಗಿ ನಿಂತಿದ್ದಾರೆ. ಹಿಂದೆ ದೊಣ್ಣೆ ಹಿಡಿದ ಒಬ್ಬ ಒಬ್ಬೊಬ್ಬರನ್ನೇ ಬಾರಿಸುತ್ತಾ ಹೋಗುತ್ತಿದ್ದಾನೆ. ನೋವಿಗೆ ಅಲುಗಿದವನಿಗೆ ಇನ್ನೂ ಒಂದು ಏಟು. ಹೊಡೆಯುತ್ತಿದ್ದವನು ಸೇನಾಧಿಕಾರಿಯಲ್ಲ, ಅಧ್ಯಾಪಕನೂ ಅಲ್ಲ. ಅವನೂ ವಿದ್ಯಾರ್ಥಿಯೇ, ಸೀನಿಯರ್ ಕೆಡೆಟ್. ವಿಡಿಯೊ ಹೊರಬಂದ ಮೇಲೆ ಕಾಲೇಜು ಅವನ ಮೇಲೆ ಕ್ರಮ ಕೈಗೊಳ್ಳುವುದಾಗಿ ಹೇಳಿತು. ಅಲ್ಲಿಗೆ ಸುದ್ದಿ ಮುಗಿಯಿತು.

ಆದರೆ ಪ್ರಶ್ನೆ ಮುಗಿದಿರಲಿಲ್ಲ. ಆ ಹೊತ್ತಿನಲ್ಲಿ ಅಧಿಕಾರಿ ಎಲ್ಲಿದ್ದರು?

ಮೂರು ವರ್ಷ ಎನ್‌ಸಿಸಿ ಸಮವಸ್ತ್ರ ತೊಟ್ಟು, ಮೂರು ಶಿಬಿರ ಮುಗಿಸಿ ಬಂದ ನನಗೆ ಈ ಪ್ರಶ್ನೆಯೇ ಮುಖ್ಯ ಅನ್ನಿಸುತ್ತದೆ. ಬೆಳಿಗ್ಗೆಯ ಪಿ.ಟಿ., ಡ್ರಿಲ್, ಫೈರಿಂಗ್, ಮ್ಯಾಪ್ ರೀಡಿಂಗ್ ಇವೆಲ್ಲ ಕಷ್ಟವೇ. ಆದರೆ ಅಲ್ಲಿ ಹವಾಲ್ದಾರ್ ಇರುತ್ತಾರೆ, ಸುಬೇದಾರ್ ಇರುತ್ತಾರೆ, ಕಾಲೇಜಿನಿಂದ ಬಂದ ಎನ್‌ಸಿಸಿ ಅಧಿಕಾರಿ ಇರುತ್ತಾರೆ. ಯಾರನ್ನೂ ಯಾರೂ ಕೋಳಿ ಕೂರಿಸುವುದಿಲ್ಲ. ತೊಂದರೆ ಶುರುವಾಗುವುದು ರಾತ್ರಿಯ ರೋಲ್‌ಕಾಲ್ ಮುಗಿದು ಅಧಿಕಾರಿಗಳು ತಮ್ಮ ಮೆಸ್‌ನ ಕಡೆ ಹೊರಟ ಮೇಲೆ. ದೀಪ ಆರುವವರೆಗಿನ ಆ ಎರಡು ಗಂಟೆ ಟೆಂಟ್‌ನ ಒಳಗೆ ಸೀನಿಯರ್‌ಗಳದೇ ರಾಜ್ಯ. ‘ನಿನ್ನ ಶೂ ಪಾಲಿಶ್ ಸರಿಯಿಲ್ಲ, ಹಾಕು ನೂರು ಬಸ್ಕಿ’ ಎಂಬ ಆದೇಶ ಬರುವುದು ಆಗ.

ನನ್ನ ಅಭಿಪ್ರಾಯ ಇಷ್ಟೇ. ತಂಡ, ಶಿಬಿರ, ತರಬೇತಿ ಕೇಂದ್ರಗಳಲ್ಲಿ ನಡೆಯುವ ರ್‍ಯಾಗಿಂಗ್ ಒಬ್ಬ ಕೆಟ್ಟ ಸೀನಿಯರ್‌ನಿಂದ ಮಾತ್ರ ಹುಟ್ಟುವುದಿಲ್ಲ, ಹಿರಿಯ ಅಧಿಕಾರಿ ಖಾಲಿ ಬಿಟ್ಟ ಹೊತ್ತಿನಿಂದ ಹುಟ್ಟುತ್ತದೆ. ಸೀನಿಯರ್‌ನನ್ನು ಅಮಾನತು ಮಾಡಿ ಆ ಹೊತ್ತನ್ನು ಹಾಗೇ ಬಿಟ್ಟರೆ, ಮುಂದಿನ ವರ್ಷ ಅಲ್ಲಿ ಇನ್ನೊಬ್ಬ ಸೀನಿಯರ್ ನಿಂತಿರುತ್ತಾನೆ.

ತರಬೇತಿ ಯಾವುದು, ಹಿಂಸೆ ಯಾವುದು?

‘ಇದೆಲ್ಲ ಇಲ್ಲದಿದ್ದರೆ ಗಟ್ಟಿಯಾಗುವುದು ಹೇಗೆ? ನಾವೂ ಇದನ್ನೆಲ್ಲ ಅನುಭವಿಸಿಯೇ ಬಂದವರು’ ಎಂಬ ಮಾತು ಪ್ರತಿ ಶಿಬಿರದಲ್ಲೂ ಕೇಳುತ್ತದೆ. ರಕ್ಷಣಾ ಅಕಾಡೆಮಿಗಳಲ್ಲಿ ಓದಿದವರ ಬಾಯಲ್ಲಿ ‘ರಗಡಾ’ ಎಂಬ ಪದವನ್ನು ಬಹುಶಃ ನೀವೂ ಕೇಳಿರುತ್ತೀರಿ. ಅದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ಕಷ್ಟದ ತರಬೇತಿ ಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಕಷ್ಟಕ್ಕೂ ಹಿಂಸೆಗೂ ಇರುವ ಗೆರೆ ನಾವು ಅಂದುಕೊಂಡಷ್ಟು ಮಸುಕಾಗಿಲ್ಲ. ಮೂರು ಪ್ರಶ್ನೆ ಕೇಳಿದರೆ ಸಾಕು.

ಇದು ಆ ದಿನದ ವೇಳಾಪಟ್ಟಿಯಲ್ಲಿ ಇದೆಯೇ? ಇದನ್ನು ಅಧಿಕಾರಿಯ ಕಣ್ಣೆದುರೇ ಮಾಡಿಸುತ್ತಾರೆಯೇ? ನೋವಾದಾಗ ‘ಆಗುತ್ತಿಲ್ಲ ಸರ್’ ಎಂದರೆ ನಿಲ್ಲಿಸುತ್ತಾರೆಯೇ? ಬೆಳಿಗ್ಗೆ ಐದು ಕಿಲೋಮೀಟರ್ ಓಡಿಸುವಾಗ ಮೂರಕ್ಕೂ ‘ಹೌದು’ ಎಂದೇ ಉತ್ತರ. ರಾತ್ರಿ ಟೆಂಟ್‌ನ ಹಿಂದೆ ಬಸ್ಕಿ ಹೊಡೆಸುವಾಗ ಮೂರಕ್ಕೂ ‘ಇಲ್ಲ’. ತರಬೇತಿ ಮೊದಲ ದಿನ ಸ್ವಲ್ಪ, ಮರುದಿನ ಇನ್ನಷ್ಟು ಎಂದು ಹಂತಹಂತವಾಗಿ ಏರುತ್ತದೆ. ಹಿಂಸೆಗೆ ಹಂತವಿಲ್ಲ. ಕೊಡುವವನ ಮನಸ್ಸು ತಣಿಯುವವರೆಗೆ ಅದು ನಡೆಯುತ್ತದೆ.

ಇನ್ನೊಂದು ಸಂಗತಿಯನ್ನು ಬಹಳಷ್ಟು ಸೀನಿಯರ್‌ಗಳೇ ಮರೆತಿರುತ್ತಾರೆ. ಎನ್‌ಸಿಸಿ ಕೆಡೆಟ್ ಸೈನಿಕನಲ್ಲ. 1948ರ ಎನ್‌ಸಿಸಿ ಕಾಯ್ದೆಯೇ ಕೆಡೆಟ್‌ಗಳನ್ನು ಸೇನೆಯ ಸಕ್ರಿಯ ಸೇವೆಗೆ ಕರೆಯುವಂತಿಲ್ಲ ಎನ್ನುತ್ತದೆ. ಭುಜದ ಮೇಲೆ ಸೀನಿಯರ್ ಅಂಡರ್ ಆಫೀಸರ್ ಪಟ್ಟಿ ಇದ್ದರೂ ಅವನು ಕಾಲೇಜಿನ ವಿದ್ಯಾರ್ಥಿ. ಇನ್ನೊಬ್ಬ ವಿದ್ಯಾರ್ಥಿಯ ಮೈಮೇಲೆ ಕೈಮಾಡುವ ಹಕ್ಕನ್ನು ಆ ಪಟ್ಟಿ ಅವನಿಗೆ ಕೊಡುವುದಿಲ್ಲ.

ಆರು ಮಂದಿ ಮುಳುಗಿದ ರಾತ್ರಿ

ಹಿರಿಯ ಅಧಿಕಾರಿ ಏನು ಮಾಡಬೇಕು ಎಂಬುದಕ್ಕೆ ಹಳೆಯದಾದರೂ ಸ್ಪಷ್ಟವಾದ ಪ್ರಕರಣವೊಂದು ಅಮೆರಿಕದ ಮರೀನ್ ಪಡೆಯಲ್ಲಿದೆ. 1956ರ ಏಪ್ರಿಲ್ 8, ಭಾನುವಾರ ರಾತ್ರಿ. ಸೌತ್ ಕ್ಯಾರೊಲಿನಾದ ಪ್ಯಾರಿಸ್ ಐಲ್ಯಾಂಡ್ ತರಬೇತಿ ಕೇಂದ್ರದಲ್ಲಿ ಸ್ಟಾಫ್ ಸಾರ್ಜೆಂಟ್ ಮ್ಯಾಥ್ಯೂ ಮೆಕಿಯನ್ ಎಂಬ ತರಬೇತುದಾರ ತನ್ನ 71ನೇ ಪ್ಲಟೂನಿಗೆ ಶಿಸ್ತು ಕಲಿಸಲು ಹೊರಟ. ಎಪ್ಪತ್ತಕ್ಕೂ ಹೆಚ್ಚು ಹುಡುಗರನ್ನು ಕತ್ತಲಲ್ಲಿ ನಡೆಸಿಕೊಂಡು ರಿಬ್ಬನ್ ಕ್ರೀಕ್ ಎಂಬ, ಸಮುದ್ರದ ಉಬ್ಬರವಿಳಿತಕ್ಕೆ ಸಿಗುವ ಕೆಸರಿನ ಹಳ್ಳಕ್ಕೆ ಇಳಿಸಿದ. ಕೆಲವರಿಗೆ ಈಜು ಬರುತ್ತಿರಲಿಲ್ಲ. ನೀರು ಆಳವಾದಾಗ ಗಾಬರಿ ಎದ್ದಿತು. ಆರು ಮಂದಿ ಮುಳುಗಿ ಸತ್ತರು.

ಮೆಕಿಯನ್ ರಾಕ್ಷಸನಾಗಿರಲಿಲ್ಲ. ತರಬೇತುದಾರನ ಕೆಲಸಕ್ಕೆ ಹೊಸಬ. ನೀರಿಗೆ ಎಲ್ಲರಿಗಿಂತ ಮುಂದೆ ಇಳಿದವನೂ ಅವನೇ. ಆದರೆ ಆ ದಿನ ಕುಡಿದಿದ್ದ. ಆ ನಡಿಗೆ ಯಾವ ವೇಳಾಪಟ್ಟಿಯಲ್ಲೂ ಇರಲಿಲ್ಲ. ಅವನನ್ನು ‘ಎಲ್ಲಿಗೆ ಕರೆದೊಯ್ಯುತ್ತಿದ್ದೀಯ?’ ಎಂದು ಕೇಳುವ ಅಧಿಕಾರಿ ಅಲ್ಲಿರಲಿಲ್ಲ. ಸೇನಾ ನ್ಯಾಯಾಲಯ ಅವನನ್ನು ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದದ್ದಕ್ಕೆ ಮತ್ತು ಮದ್ಯಸೇವನೆಗೆ ತಪ್ಪಿತಸ್ಥ ಎಂದಿತು. ಶಿಕ್ಷೆ ಕೊನೆಗೆ ಮೂರು ತಿಂಗಳಿಗೆ ಇಳಿಯಿತು, ದರ್ಜೆಯೂ ಕೆಳಗಿಳಿಯಿತು.

ಮುಖ್ಯವಾದದ್ದು ಇದರ ಆಚೆಗಿನದು. ಆಗ ಮರೀನ್ ಪಡೆಯ ಮುಖ್ಯಸ್ಥರಾಗಿದ್ದವರು ಜನರಲ್ ರಾಂಡಾಲ್ಫ್ ಪೇಟ್. ‘ಒಬ್ಬನ ತಪ್ಪು, ಅವನಿಗೆ ಶಿಕ್ಷೆಯಾಗಿದೆ’ ಎಂದು ಅವರು ಕೈತೊಳೆದುಕೊಳ್ಳಬಹುದಿತ್ತು. ಬದಲಿಗೆ ಸಂಸತ್ತಿನ ಸಮಿತಿಯ ಮುಂದೆ ಹೋಗಿ, ತರಬೇತಿಯ ಮೇಲುಸ್ತುವಾರಿಯಲ್ಲೇ ಲೋಪವಿದೆ ಎಂದು ಒಪ್ಪಿಕೊಂಡರು. ತರಬೇತಿ ಕೇಂದ್ರಗಳಲ್ಲಿ ಹೊಸಬರ ತರಬೇತಿಯನ್ನು ಬ್ರಿಗೇಡಿಯರ್ ಜನರಲ್ ಮಟ್ಟದ ಅಧಿಕಾರಿಗಳ ಕೈಗೆ ಕೊಟ್ಟರು. ತರಬೇತುದಾರರ ಮೇಲೆ ಕಣ್ಣಿಡಲು ಹೆಚ್ಚುವರಿ ಅಧಿಕಾರಿಗಳನ್ನು ನೇಮಿಸಿದರು. ಪ್ರತಿ ಪ್ಲಟೂನಿಗೂ ತರಬೇತುದಾರರ ಸಂಖ್ಯೆ ಹೆಚ್ಚಿಸಿ, ಒಬ್ಬನೇ ಹಗಲು ರಾತ್ರಿ ದಣಿಯುವುದನ್ನು ತಪ್ಪಿಸಿದರು. ಆ ಕೆಲಸಕ್ಕೆ ಆರಿಸುವ ಕ್ರಮವನ್ನು ಬಿಗಿ ಮಾಡಿದರು. ಜೊತೆಗೆ ತರಬೇತುದಾರರಿಗೆ ಅಗಲ ಅಂಚಿನ ವಿಶೇಷ ಟೋಪಿ ಕೊಟ್ಟರು. ಟೋಪಿ ಸಣ್ಣ ವಿಷಯ ಅನ್ನಿಸಬಹುದು. ಆದರೆ ಗೌರವ ಹುಡುಗರನ್ನು ಹೆದರಿಸಿ ಪಡೆಯುವಂಥದ್ದಲ್ಲ, ಹುದ್ದೆಯ ಜೊತೆಗೇ ಬರುವಂಥದ್ದು ಎಂಬುದು ಅದರ ಅರ್ಥ.

ಇದರಿಂದ ಹಿಂಸೆ ಪೂರ್ತಿ ನಿಂತಿತೇ? ಇಲ್ಲ. 2016ರ ಮಾರ್ಚ್‌ನಲ್ಲಿ ಅದೇ ಪ್ಯಾರಿಸ್ ಐಲ್ಯಾಂಡ್‌ನಲ್ಲಿ 20 ವರ್ಷದ ಮುಸ್ಲಿಂ ಯುವಕನೊಬ್ಬ ತರಬೇತುದಾರನಿಂದ ಕೆನ್ನೆಗೆ ಏಟು ತಿಂದ ಬೆನ್ನಲ್ಲೇ ಬ್ಯಾರಕ್‌ನ ಮೂರನೇ ಮಹಡಿಯಿಂದ ಬಿದ್ದು ಸತ್ತ. ಅದೇ ತರಬೇತುದಾರ ಹಿಂದಿನ ವರ್ಷ ಇನ್ನೊಬ್ಬ ಮುಸ್ಲಿಂ ಯುವಕನನ್ನು ಬಟ್ಟೆ ಒಣಗಿಸುವ ಯಂತ್ರದೊಳಗೆ ಕೂರಿಸಿದ್ದ ಎಂಬ ಆರೋಪವಿತ್ತು, ತನಿಖೆಯೂ ನಡೆಯುತ್ತಿತ್ತು. ಆದರೂ ಅವನನ್ನು ಹೊಸಬರ ತಂಡದ ಮೇಲೆಯೇ ಬಿಡಲಾಗಿತ್ತು. ಜೋಸೆಫ್ ಫೆಲಿಕ್ಸ್ ಎಂಬ ಆ ತರಬೇತುದಾರನಿಗೆ 2017ರಲ್ಲಿ ಹತ್ತು ವರ್ಷ ಜೈಲು ಶಿಕ್ಷೆಯಾಯಿತು. ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಅವನ ಬೆಟಾಲಿಯನ್ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಕರ್ನಲ್ ಕೂಡ ಸೇನಾ ನ್ಯಾಯಾಲಯದ ಮುಂದೆ ನಿಂತು ಕರ್ತವ್ಯಲೋಪವನ್ನು ಒಪ್ಪಿಕೊಳ್ಳಬೇಕಾಯಿತು.

ಎರಡು ಪ್ರಕರಣಗಳನ್ನೂ ಜೊತೆಯಲ್ಲಿಟ್ಟು ನೋಡಿದರೆ ಹಿರಿಯ ಅಧಿಕಾರಿಯ ಕೆಲಸ ಎರಡು ಭಾಗವಾಗಿ ಕಾಣುತ್ತದೆ. ದೂರು ಬರುವ ಮೊದಲು ಖಾಲಿ ಹೊತ್ತನ್ನು ತುಂಬುವುದು ಒಂದು. ದೂರು ಬಂದ ಮೇಲೆ, ಆರೋಪ ಹೊತ್ತವನನ್ನು ಅದೇ ಹುಡುಗರ ಮೇಲೆ ಒಂದು ರಾತ್ರಿಯೂ ಬಿಡದಿರುವುದು ಇನ್ನೊಂದು.

ನಾಲ್ಕನೆಯ ದಿನದ ಬೆಳಿಗ್ಗೆ

ಎರಡನೆಯ ಭಾಗವನ್ನು ನಮ್ಮದೇ ಹತ್ತು ದಿನಗಳ ಶಿಬಿರದಲ್ಲಿಟ್ಟು ಕಲ್ಪಿಸಿಕೊಳ್ಳೋಣ. ಮೂರನೆಯ ರಾತ್ರಿ ಟೆಂಟೊಂದರ ಹತ್ತು ಜನ ಜೂನಿಯರ್‌ಗಳಿಗೆ ಒಬ್ಬ ಸೀನಿಯರ್ ಮುನ್ನೂರು ಬಸ್ಕಿ ಹೊಡೆಸಿದ್ದಾನೆ. ನಾಲ್ಕನೆಯ ಬೆಳಿಗ್ಗೆ ಅವರಲ್ಲಿ ಒಬ್ಬನಿಗೆ ಮೆಟ್ಟಿಲು ಹತ್ತಲಾಗುತ್ತಿಲ್ಲ. ತೊಡೆ ಊದಿ ಕಲ್ಲಿನಂತಾಗಿದೆ. ಮೂತ್ರ ಕಪ್ಪು ಟೀಯ ಬಣ್ಣಕ್ಕೆ ತಿರುಗಿದೆ. ಅವನು ‘ಕಾಲು ಉಳುಕಿದೆ’ ಎಂದಷ್ಟೇ ಹೇಳುತ್ತಾನೆ.

ಅಧಿಕಾರಿಯ ಮೊದಲ ಪ್ರಶ್ನೆ ‘ಯಾರು ಮಾಡಿಸಿದ್ದು?’ ಎಂಬುದಾಗಬಾರದು. ಮೊದಲು ಆಸ್ಪತ್ರೆ. ಅಭ್ಯಾಸವಿಲ್ಲದ ಮೈಗೆ ಒಮ್ಮೆಲೇ ನೂರಾರು ಬಸ್ಕಿ ಬಿದ್ದಾಗ ತೊಡೆಯ ಸ್ನಾಯು ಒಡೆದು, ಅದರೊಳಗಿನ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ. ಮೂತ್ರದ ಬಣ್ಣ ಗಾಢವಾಗುವುದು ಅದರಿಂದಲೇ. ಅದೇ ಪ್ರೋಟೀನ್ ಕಿಡ್ನಿಯನ್ನು ಕೆಡಿಸಬಲ್ಲದು. ವೈದ್ಯರು ಇದನ್ನು ರ್‍ಯಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಬೇಗ ಡ್ರಿಪ್ ಹಾಕಿದರೆ ಬಹುತೇಕರು ಸುಧಾರಿಸುತ್ತಾರೆ. ಇಲ್ಲಿ ನಡೆಯುವ ಅಪಾಯದ ತಪ್ಪು ಎಂದರೆ ನೋವಿನ ಮಾತ್ರೆಯೊಂದನ್ನು ನುಂಗಿಸಿ ಮಲಗಿಸುವುದು. ಅಂಥ ಹಲವು ಮಾತ್ರೆಗಳು ಕಿಡ್ನಿಗೆ ಇನ್ನಷ್ಟು ಹೊರೆಯಾಗುತ್ತವೆ. ಇನ್ನೊಂದು ಮಾತು: ಬಸ್ಕಿ ಹೊಡೆದವನು ಅವನೊಬ್ಬನೇ ಅಲ್ಲ. ಉಳಿದ ಒಂಬತ್ತು ಜನರನ್ನೂ ಅದೇ ಬೆಳಿಗ್ಗೆ ತೋರಿಸಬೇಕು. ಕೆಲವರಲ್ಲಿ ಲಕ್ಷಣ ಕಾಣಿಸುವುದು ಒಂದೆರಡು ದಿನ ತಡವಾಗಿ.

ಎರಡನೆಯದು, ಆ ಸೀನಿಯರ್‌ನನ್ನು ಜೂನಿಯರ್‌ಗಳ ಉಸ್ತುವಾರಿಯಿಂದ ತಕ್ಷಣ ಬಿಡಿಸಿ ಬೇರೆಡೆ ಇರಿಸುವುದು. ಇದು ಶಿಕ್ಷೆಯಲ್ಲ, ಅವನು ತಪ್ಪಿತಸ್ಥ ಎಂಬ ತೀರ್ಮಾನವೂ ಅಲ್ಲ. ಜಾಗ ಬದಲಾಗಬೇಕಾದದ್ದು ಅವನದು, ಏಟು ತಿಂದವನದಲ್ಲ. ನಮ್ಮಲ್ಲಿ ಆಗುವುದು ತಿರುಗಾಮುರುಗಾ. ‘ನಿನಗೆ ಹುಷಾರಿಲ್ಲ, ಮನೆಗೆ ಹೋಗು’ ಎಂದು ಜೂನಿಯರ್‌ನನ್ನೇ ಬಸ್ ಹತ್ತಿಸುತ್ತಾರೆ.

ಮೂರನೆಯದು, ಕೇಳುವ ರೀತಿ. ಎಲ್ಲರನ್ನೂ ಫಾಲಿನ್ ಮಾಡಿ ‘ಯಾರಿಗಾದರೂ ತೊಂದರೆ ಆಗಿದೆಯಾ? ಕೈ ಎತ್ತಿ’ ಎಂದರೆ ಒಂದು ಕೈಯೂ ಏಳುವುದಿಲ್ಲ. ಸೀನಿಯರ್ ಪಕ್ಕದಲ್ಲೇ ನಿಂತಿರುತ್ತಾನಲ್ಲ! ಒಬ್ಬೊಬ್ಬರನ್ನೇ ಬೇರೆಯಾಗಿ ಕರೆದು, ಕೂರಿಸಿ, ಗಂಟೆಯ ಲೆಕ್ಕದಲ್ಲಿ ಕೇಳಬೇಕು. ‘ನಿನ್ನೆ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಎಲ್ಲಿದ್ದೆ? ಯಾರ್‍ಯಾರು ಇದ್ದರು? ಎಷ್ಟು ಹೊತ್ತು?’ ಇಂಥ ಪ್ರಶ್ನೆಗೆ ‘ಏನೂ ಇಲ್ಲ ಸರ್’ ಎಂದು ಜಾರಿಕೊಳ್ಳುವುದು ಕಷ್ಟ. ಹೇಳಿದ್ದನ್ನು ಅವರದೇ ಮಾತಿನಲ್ಲಿ, ದಿನಾಂಕ ಸಮಯ ಹಾಕಿ ಬರೆದುಕೊಳ್ಳಬೇಕು. ಮೊಬೈಲಿನಲ್ಲಿ ವಿಡಿಯೊ ಇದ್ದರೆ ಅಳಿಸಲು ಹೇಳಬಾರದು. ಅದು ಸಾಕ್ಷಿ.

ಜೂನಿಯರ್ ಏಕೆ ಬಾಯಿ ಬಿಡುವುದಿಲ್ಲ ಎಂಬುದು ಉದ್ಯೋಗಕ್ಕೆ ಓಡಾಡುವ ನಮಗೆ ಚೆನ್ನಾಗಿ ಗೊತ್ತು. ಶಿಬಿರದ ಹಾಜರಾತಿ ಇಲ್ಲದಿದ್ದರೆ ‘ಬಿ’ ಮತ್ತು ‘ಸಿ’ ಸರ್ಟಿಫಿಕೇಟ್ ಪರೀಕ್ಷೆಗೆ ತೊಡಕು. ಸೇನೆಯ ನೇಮಕಾತಿಯಲ್ಲಿ ‘ಸಿ’ ಸರ್ಟಿಫಿಕೇಟ್‌ಗೆ ಬೆಲೆಯಿದೆ. ಹಳ್ಳಿಯಿಂದ ಬಂದ ಹುಡುಗನಿಗೆ ಆ ಕಾಗದವೇ ನೌಕರಿಯ ಮೊದಲ ಮೆಟ್ಟಿಲು. ಅದಕ್ಕಾಗಿ ಅವನು ಮುನ್ನೂರಲ್ಲ, ಸಾವಿರ ಬಸ್ಕಿಯನ್ನೂ ನುಂಗಿಕೊಳ್ಳುತ್ತಾನೆ. ಹಾಗಾಗಿ ಅಧಿಕಾರಿ ಮೊದಲು ಕೊಡಬೇಕಾದ ಭರವಸೆ ಇದು: ‘ನೀನು ಆಸ್ಪತ್ರೆಯಲ್ಲಿದ್ದ ಕಾರಣಕ್ಕೆ ನಿನ್ನ ಶಿಬಿರ ಹಾಳಾಗದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ.’ ಮುಂದಿನ ಶಿಬಿರದಲ್ಲಿ ಸೀಟು ಕೊಡಿಸಿಯಾದರೂ ಅದನ್ನು ನಡೆಸಿಕೊಡಬೇಕು. ಈ ಮಾತು ಬಾರದೆ ಸತ್ಯವೂ ಬರುವುದಿಲ್ಲ.

ನಾಲ್ಕನೆಯದು, ಮೇಲಕ್ಕೆ ತಿಳಿಸುವುದು. ಬೆಟಾಲಿಯನ್, ಗ್ರೂಪ್ ಹೆಡ್‌ಕ್ವಾರ್ಟರ್ಸ್, ಕಾಲೇಜಿನ ಪ್ರಾಂಶುಪಾಲರು ಮತ್ತು ಮನೆಯವರು, ಎಲ್ಲರಿಗೂ ಅದೇ ದಿನ. ಯುಜಿಸಿಯ 2009ರ ರ್‍ಯಾಗಿಂಗ್ ತಡೆ ನಿಯಮಗಳು ಕಾಲೇಜಿನ ಆವರಣಕ್ಕಷ್ಟೇ ಸೀಮಿತವಲ್ಲ, ಹೊರಗಿನ ಜಾಗಗಳನ್ನೂ ಒಳಗೊಳ್ಳುತ್ತವೆ. ಮಾಹಿತಿ ಬಂದ ಮೇಲೆ ಅದು ದಂಡಸಂಹಿತೆಯ ಅಪರಾಧ ಎಂದು ಕಂಡರೆ ಸಂಸ್ಥೆಯ ಮುಖ್ಯಸ್ಥರು 24 ಗಂಟೆಯೊಳಗೆ ಎಫ್‌ಐಆರ್ ದಾಖಲಿಸಬೇಕು. ದೈಹಿಕ ಹಿಂಸೆ ಆ ನಿಯಮಗಳ ಪ್ರಕಾರ ಸ್ಪಷ್ಟವಾಗಿ ರ್‍ಯಾಗಿಂಗ್. ‘ಇದು ಎನ್‌ಸಿಸಿ ಶಿಸ್ತು, ಕಾಲೇಜಿಗೆ ಸಂಬಂಧವಿಲ್ಲ’ ಎಂದು ಪ್ರಾಂಶುಪಾಲರೂ, ‘ಅವನು ಕಾಲೇಜಿನ ಹುಡುಗ, ನಮಗೆ ಸಂಬಂಧವಿಲ್ಲ’ ಎಂದು ಶಿಬಿರದವರೂ ಜಾರಿಕೊಂಡರೆ ಹುಡುಗ ನಡುವೆ ಬೀಳುತ್ತಾನೆ.

ರಾಜಿ ಎಂಬ ಸುಲಭದ ದಾರಿ

ಅಧಿಕಾರಿಗಳಿಗೆ ಆಕರ್ಷಕವಾಗಿ ಕಾಣುವ ದಾರಿ ಇನ್ನೊಂದಿದೆ. ಇಬ್ಬರನ್ನೂ ಕಚೇರಿಗೆ ಕರೆದು, ಸೀನಿಯರ್ ಕೈಲಿ ‘ಸಾರಿ’ ಹೇಳಿಸಿ, ಕೈಕುಲುಕಿಸಿ, ‘ಅಣ್ಣ ತಮ್ಮಂದಿರ ಹಾಗೆ ಇರ್ರಪ್ಪಾ’ ಎಂದು ಕಳುಹಿಸುವುದು. ಘಟಕದ ಹೆಸರೂ ಉಳಿಯುತ್ತದೆ, ಹುಡುಗನ ಭವಿಷ್ಯವೂ ಉಳಿಯುತ್ತದೆ ಎಂಬುದು ಲೆಕ್ಕಾಚಾರ. ಆದರೆ ಆ ಕೋಣೆಯಲ್ಲಿ ಇಬ್ಬರೂ ಸಮಾನರಲ್ಲ. ಜೂನಿಯರ್ ಇನ್ನೂ ಆರು ರಾತ್ರಿ ಅದೇ ಶಿಬಿರದಲ್ಲಿ ಮಲಗಬೇಕು. ಅವನು ಕೊಡುವ ಕ್ಷಮೆ ಭಯದಿಂದ ಬಂದದ್ದು.

ಇನ್ನೊಂದು ತಪ್ಪು, ಸಿಟ್ಟಿನಲ್ಲಿ ಇಡೀ ಕಂಪನಿಗೆ ಶಿಕ್ಷೆ ಕೊಡುವುದು. ‘ಒಬ್ಬ ಮಾಡಿದ್ದಕ್ಕೆ ಎಲ್ಲರೂ ಮೈದಾನ ಸುತ್ತಿ’ ಎಂದರೆ, ಸಂಜೆಯ ಹೊತ್ತಿಗೆ ಎಲ್ಲರ ಸಿಟ್ಟು ದೂರು ಕೊಟ್ಟವನ ಮೇಲೆ ತಿರುಗಿರುತ್ತದೆ. ಅಧಿಕಾರಿಯೇ ಅವನನ್ನು ಒಂಟಿ ಮಾಡಿದಂತಾಗುತ್ತದೆ.

ಸೀನಿಯರ್‌ನ ಭವಿಷ್ಯದ ಪ್ರಶ್ನೆಯನ್ನೂ ನಾನು ತಳ್ಳಿಹಾಕುವುದಿಲ್ಲ. ಇಪ್ಪತ್ತು ವರ್ಷದ ಹುಡುಗನ ಮೇಲೆ ಎಫ್‌ಐಆರ್ ಆದರೆ ಪೊಲೀಸ್ ಪರಿಶೀಲನೆ ಕೇಳುವ ಪ್ರತಿ ನೌಕರಿಯಲ್ಲೂ ಅದು ಅಡ್ಡ ಬರುತ್ತದೆ. ಅದಕ್ಕೇ ಬರೆದಿಟ್ಟ ಹೇಳಿಕೆ, ವೈದ್ಯರ ವರದಿ, ಅವನಿಗೂ ಮಾತಾಡುವ ಅವಕಾಶ ಇವೆಲ್ಲ ಬೇಕು. ಯಾರು ಏನು ಮಾಡಿದರು ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿದ್ದರೆ ಶಿಕ್ಷೆ ತಪ್ಪಿನ ಅಳತೆಗೆ ತಕ್ಕಂತಿರುತ್ತದೆ. ಮುಚ್ಚಿಟ್ಟು, ಆರು ತಿಂಗಳ ಮೇಲೆ ವಿಡಿಯೊ ಹೊರಬಂದರೆ ಅಳತೆ ನಿರ್ಧರಿಸುವುದು ಟಿವಿ ಚಾನೆಲ್.

ಖಾಲಿ ಹೊತ್ತನ್ನು ತುಂಬುವುದು

ಇನ್ನು ಮೊದಲ ಭಾಗ, ತಡೆಯುವುದು. ಇದಕ್ಕೆ ದೊಡ್ಡ ಖರ್ಚಿಲ್ಲ. ಪ್ರತಿ ರಾತ್ರಿಗೂ ಒಬ್ಬ ಡ್ಯೂಟಿ ಅಧಿಕಾರಿಯ ಹೆಸರು ನೋಟಿಸ್ ಬೋರ್ಡ್ ಮೇಲಿರಬೇಕು. ಅವರು ಮಲಗುವ ಜಾಗ ಕೆಡೆಟ್‌ಗಳ ಟೆಂಟ್‌ಗೆ ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು. ಹುಡುಗಿಯರ ಸಾಲಿಗೆ ಮಹಿಳಾ ಅಧಿಕಾರಿಯೇ ಬೇಕು. ಸುತ್ತು ಹಾಕುವ ಹೊತ್ತು ದಿನಾ ಬದಲಾಗಬೇಕು. ಪ್ರತಿದಿನ ಒಂಬತ್ತೂವರೆಗೇ ಬಂದರೆ ಆಟ ಶುರುವಾಗುವುದು ಹತ್ತಕ್ಕೆ.

ಸೀನಿಯರ್‌ಗೆ ಏನು ಮಾಡಬಹುದು, ಏನು ಕೂಡದು ಎಂಬುದನ್ನು ಮೊದಲ ದಿನವೇ ಎಲ್ಲರೆದುರು ಓದಿ ಹೇಳಬೇಕು. ಶೂ ಪಾಲಿಶ್ ಸರಿಯಿಲ್ಲದಿದ್ದರೆ ಮತ್ತೆ ಮಾಡಿಸಬಹುದು. ಡ್ರಿಲ್ ತಪ್ಪಿದರೆ ಡ್ರಿಲ್‌ನ ಹೊತ್ತಿನಲ್ಲೇ ತಿದ್ದಬಹುದು. ಮಾತು ಕೇಳದಿದ್ದರೆ ಅಧಿಕಾರಿಗೆ ವರದಿ ಮಾಡಬಹುದು. ದೈಹಿಕ ಶಿಕ್ಷೆ ಕೊಡುವಂತಿಲ್ಲ, ತನ್ನ ಬಟ್ಟೆ ಒಗೆಸುವಂತಿಲ್ಲ, ನಿದ್ದೆ ಕೆಡಿಸುವಂತಿಲ್ಲ. ಬಹಳಷ್ಟು ಸೀನಿಯರ್‌ಗಳು ಹಿಂಸೆಗೆ ಇಳಿಯುವುದು ಬೇರೆ ದಾರಿ ಯಾರೂ ತೋರಿಸಿಲ್ಲ ಎಂಬ ಕಾರಣಕ್ಕೆ. ಇಪ್ಪತ್ತು ಜನರನ್ನು ಸಾಲಾಗಿ ನಿಲ್ಲಿಸು ಎಂದು ಹೇಳಿ, ಹೇಗೆ ಎಂದು ಹೇಳಿಕೊಡದೆ ಹೋದರೆ ಅವನು ತಾನು ಕಂಡದ್ದನ್ನೇ ಮಾಡುತ್ತಾನೆ.

‘ನೂರಾರು ಕೆಡೆಟ್‌ಗಳಿಗೆ ನಾವು ನಾಲ್ಕೈದು ಜನ, ಬೆಳಿಗ್ಗೆಯಿಂದ ನಿಂತಿರುತ್ತೇವೆ, ರಾತ್ರಿಯೂ ನಿಲ್ಲಬೇಕೇ?’ ಎಂದು ಅಧಿಕಾರಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಾಳಿ ಹಾಕಿಕೊಂಡರೆ ಒಬ್ಬೊಬ್ಬರಿಗೆ ಹತ್ತು ದಿನದಲ್ಲಿ ಎರಡು ಮೂರು ರಾತ್ರಿ ಬರುತ್ತದೆ. ಅದೂ ಸಾಧ್ಯವಿಲ್ಲದಷ್ಟು ಸಿಬ್ಬಂದಿ ಕಡಿಮೆಯಿದ್ದರೆ, ಆ ಶಿಬಿರಕ್ಕೆ ಅಷ್ಟು ಕೆಡೆಟ್‌ಗಳನ್ನು ಕರೆಯಬಾರದು ಎಂದು ಮೇಲಿನವರಿಗೆ ಬರೆಯುವುದೂ ಹಿರಿಯ ಅಧಿಕಾರಿಯ ಕೆಲಸವೇ. ಎಷ್ಟೇ ಕಾವಲಿದ್ದರೂ ಎಲ್ಲವೂ ಕಣ್ಣಿಗೆ ಬೀಳುವುದಿಲ್ಲ ಎಂಬುದೂ ನಿಜ. ಆದ್ದರಿಂದ ಶಿಬಿರದ ಸರಪಳಿಯ ಹೊರಗಿನ ದಾರಿಯೊಂದು ಜೂನಿಯರ್‌ಗೆ ಗೊತ್ತಿರಬೇಕು. ರಾಷ್ಟ್ರೀಯ ರ್‍ಯಾಗಿಂಗ್ ತಡೆ ಸಹಾಯವಾಣಿಯ ಸಂಖ್ಯೆ 1800-180-5522. ಅದು ಕಾಲೇಜಿನ ಗೋಡೆಯ ಮೇಲೆ ಇರುವಂತೆ ಶಿಬಿರದ ಮೆಸ್‌ನ ಗೋಡೆಯ ಮೇಲೂ ಇರಲಿ.

ಈ ಪುಟ ಓದುವವರಲ್ಲಿ ಕೆಲವರು ಈ ವರ್ಷ ಜೂನಿಯರ್ ಆಗಿ ಶಿಬಿರಕ್ಕೆ ಹೋಗುತ್ತೀರಿ, ಕೆಲವರು ಸೀನಿಯರ್ ಆಗಿ. ಇನ್ನು ಕೆಲವರು ನಾಲ್ಕೈದು ವರ್ಷಗಳಲ್ಲಿ ಸಬ್‌ಇನ್‌ಸ್ಪೆಕ್ಟರ್ ಆಗಿಯೋ ಲೆಫ್ಟಿನೆಂಟ್ ಆಗಿಯೋ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗಿಯೋ ಆ ಅಧಿಕಾರಿಯ ಕುರ್ಚಿಯಲ್ಲೇ ಕೂರುತ್ತೀರಿ. ಶಿಬಿರದ ಮೊದಲ ಸಂಜೆ ಎಲ್ಲರೂ ಕೇಳಬಹುದಾದ ಪ್ರಶ್ನೆ ಒಂದೇ: ‘ಇವತ್ತು ರಾತ್ರಿ ಡ್ಯೂಟಿ ಅಧಿಕಾರಿ ಯಾರು, ಅವರು ಮಲಗುವುದು ಎಲ್ಲಿ?’ ಇದಕ್ಕೆ ಥಟ್ಟನೆ ಉತ್ತರ ಸಿಕ್ಕರೆ ನಿಶ್ಚಿಂತೆಯಿಂದ ಹಾಸಿಗೆ ಬಿಡಿಸಬಹುದು. ಉತ್ತರ ಗೊತ್ತಿಲ್ಲದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಮೊದಲು ಸರಿಯಾಗಬೇಕಾದದ್ದು ಕೆಡೆಟ್‌ನ ಶೂ ಅಲ್ಲ.